ಮೂರು ಜನರ ಮಾರಾಟ ತಂಡಕ್ಕೆ ಸಿಆರ್‌ಎಂ ಆಯ್ಕೆ ಮತ್ತು ಪೈಪ್‌ಲೈನ್ ಹಂತಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಾಹಕರ ವಿವರ, ಕರೆ, ಕೊಟೇಶನ್, ಆರ್ಡರ್ ಎಲ್ಲವನ್ನೂ ಒಂದೇ ಕಡೆ ಇಡುವ ತಂತ್ರಾಂಶಕ್ಕೆ ಸಿಆರ್‌ಎಂ ಎನ್ನುತ್ತಾರೆ. ಒಂದೊಂದು ಮಾರಾಟದ ಅವಕಾಶ, ಅಂದರೆ ಡೀಲ್, ಮೊದಲ ಮಾತಿನಿಂದ ಆರ್ಡರ್‌ವರೆಗೆ ಹಂತ ಹಂತವಾಗಿ ಸಾಗುವ ಸಾಲೇ ಪೈಪ್‌ಲೈನ್. ಎಲ್ಲ ಬಗೆಯ ವ್ಯಾಪಾರಕ್ಕೂ ಹೊಂದುವ ಉತ್ತರ ಬರೆಯಲು ಹೋದರೆ ಯಾರಿಗೂ ಉಪಯೋಗವಾಗುವುದಿಲ್ಲ. ಹಾಗಾಗಿ ಇಲ್ಲಿ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ. ಬೆಂಗಳೂರಿನ ಪೀಣ್ಯದಲ್ಲಿ ಏರ್ ಕಂಪ್ರೆಸರ್ ಮಾರುವ ಒಬ್ಬ ಡೀಲರ್ ಇದ್ದಾರೆ ಎಂದುಕೊಳ್ಳಿ. ಮಾರಾಟಕ್ಕೆ ಮೂವರು. ಒಬ್ಬರು ಕಚೇರಿಯಲ್ಲಿ ಕುಳಿತು ಫೋನು ಮತ್ತು ಕೊಟೇಶನ್ ನೋಡಿಕೊಳ್ಳುತ್ತಾರೆ. ಇನ್ನೊಬ್ಬರು ದಾಬಸ್‌ಪೇಟೆ, ತುಮಕೂರು ಕಡೆ ಓಡಾಡುತ್ತಾರೆ. ಮೂರನೆಯವರದು ಬೊಮ್ಮಸಂದ್ರ, ಜಿಗಣಿ. ಇದು ಕಲ್ಪಿತ ಸಂಸ್ಥೆ, ಅಂಕಿಗಳೂ ಲೆಕ್ಕ ತೋರಿಸಲು ಹಾಕಿದವು. ತೊಡಕುಗಳು ಮಾತ್ರ ಇಂಥ ಯಾವ ಕಚೇರಿಯಲ್ಲಾದರೂ ಕಾಣುವಂಥವೇ.

ಮೂರೇ ಜನ ಇದ್ದೇವೆ. ಎಕ್ಸೆಲ್ ಶೀಟ್ ಸಾಲದೇ?

ಕೆಲವು ಕಾಲ ಸಾಲುತ್ತದೆ. ಒಬ್ಬರೇ ತುಂಬಿ, ಒಬ್ಬರೇ ನೋಡುವ ತನಕ ಎಕ್ಸೆಲ್‌ಗಿಂತ ಸುಲಭವಾದದ್ದು ಯಾವುದೂ ಇಲ್ಲ. ಶೀಟ್ ಸೋಲುತ್ತಿದೆ ಎಂದು ಹೇಳುವ ಗುರುತುಗಳು ಬೇರೆಯೇ ಇವೆ. ಒಂದೇ ಕಾರ್ಖಾನೆಗೆ ಕಚೇರಿಯವರು ಒಂದು ದರ, ಹೊರಗೆ ಓಡಾಡುವವರು ಇನ್ನೊಂದು ದರ ಹೇಳಿರುತ್ತಾರೆ. ಒಬ್ಬರು ಊರಿನ ಜಾತ್ರೆಗೆಂದು ರಜೆ ಹಾಕಿದರೆ ಅವರ ಗ್ರಾಹಕರಿಗೆ ಏನು ಹೇಳಿತ್ತು ಎಂಬುದು ಉಳಿದಿಬ್ಬರಿಗೂ ಗೊತ್ತಿರುವುದಿಲ್ಲ. ‘ಮುಂದಿನ ವಾರ ಕರೆ ಮಾಡಿ’ ಎಂದಿದ್ದವರಿಗೆ ಮುಂದಿನ ತಿಂಗಳು ಕರೆ ಹೋಗುತ್ತದೆ, ಏಕೆಂದರೆ ಶೀಟಿನಲ್ಲಿ ಬರೆದ ದಿನಾಂಕ ತಾನಾಗಿ ಎದ್ದು ಬಂದು ನೆನಪಿಸುವುದಿಲ್ಲ. ಈ ಮೂರರಲ್ಲಿ ಎರಡು ನಿಮ್ಮಲ್ಲಿ ನಡೆಯುತ್ತಿದ್ದರೆ ಸಿಆರ್‌ಎಂ ಹುಡುಕುವ ಹೊತ್ತು ಬಂದಿದೆ. ಯಾವುದೂ ಇಲ್ಲದಿದ್ದರೆ ಶೀಟಿನಲ್ಲೇ ಇರಿ. ಕೆಳಗೆ ಹೇಳಿರುವ ಹಂತಗಳನ್ನು ಅದರಲ್ಲೇ ಒಂದು ಕಾಲಂ ಮಾಡಿಕೊಂಡರೂ ನಡೆಯುತ್ತದೆ.

ಮೊದಲು ತಂತ್ರಾಂಶ ಆರಿಸಬೇಕೋ, ಹಂತಗಳನ್ನೋ?

ಹಂತಗಳನ್ನು. ಅದೂ ಕಾಗದದ ಮೇಲೆ, ಮೂವರೂ ಎದುರುಬದುರು ಕುಳಿತು. ತಂತ್ರಾಂಶ ಮೊದಲು ಬಂದರೆ ಅದರೊಳಗೆ ಮೊದಲೇ ತುಂಬಿರುವ ಹಂತಗಳೇ ನಿಮ್ಮವಾಗಿಬಿಡುತ್ತವೆ. ಹಬ್‌ಸ್ಪಾಟ್ ಎಂಬ ಸಿಆರ್‌ಎಂ ತೆರೆದರೆ ‘ಅಪಾಯಿಂಟ್‌ಮೆಂಟ್ ಶೆಡ್ಯೂಲ್ಡ್’ನಿಂದ ಶುರುವಾಗಿ ‘ಕಾಂಟ್ರ್ಯಾಕ್ಟ್ ಸೆಂಟ್’ ಮೂಲಕ ಸಾಗುವ ಸಾಲು ಕಾಣುತ್ತದೆ. ಝೋಹೊ ಸಿಆರ್‌ಎಂನಲ್ಲಿ ‘ನೀಡ್ಸ್ ಅನಾಲಿಸಿಸ್’, ‘ವ್ಯಾಲ್ಯೂ ಪ್ರೊಪೊಸಿಶನ್’ ಎಂಬಂಥವು ಇರುತ್ತವೆ. ಕಂಪ್ರೆಸರ್ ಮಾರುವವರು ಯಾರಿಗೂ ಕಾಂಟ್ರ್ಯಾಕ್ಟ್ ಕಳಿಸುವುದಿಲ್ಲ, ಗ್ರಾಹಕರಿಂದ ಪಿಒ, ಅಂದರೆ ಖರೀದಿ ಆದೇಶ, ಬರುತ್ತದೆ ಅಷ್ಟೇ. ‘ವ್ಯಾಲ್ಯೂ ಪ್ರೊಪೊಸಿಶನ್’ ಎಂದರೆ ಏನೆಂದು ಮೂವರಿಗೂ ಮೂರು ಬಗೆಯಲ್ಲಿ ಅರ್ಥವಾಗುತ್ತದೆ. ಆಮೇಲೆ ಯಾವ ಡೀಲ್ ಎಲ್ಲಿದೆ ಎಂಬ ಪ್ರಶ್ನೆಗೆ ಸಿಗುವ ಉತ್ತರವೂ ಮೂರು ಬಗೆಯದು.

ಹಾಗಾದರೆ ಹಂತ ಎಂದು ಯಾವುದನ್ನು ಕರೆಯಬೇಕು?

ಗ್ರಾಹಕ ಮಾಡಿದ, ಮೂರನೆಯವರಿಗೂ ತೋರಿಸಬಹುದಾದ ಒಂದು ಕೆಲಸವನ್ನು. ನಾವು ಏನು ಮಾಡಿದೆವು ಎಂಬುದು ಹಂತವಲ್ಲ. ‘ಕರೆ ಮಾಡಲಾಗಿದೆ’, ‘ಕೊಟೇಶನ್ ಕಳಿಸಲಾಗಿದೆ’, ‘ಫಾಲೋಅಪ್ ನಡೆಯುತ್ತಿದೆ’ ಇವೆಲ್ಲ ನಮ್ಮ ಬೆವರಿನ ಲೆಕ್ಕ. ಗ್ರಾಹಕ ಫೋನು ಎತ್ತದೇ ಇದ್ದರೂ ಇವನ್ನೆಲ್ಲ ಮಾಡಬಹುದು. ಹೀಗೆ ಹಂತ ಕಟ್ಟಿದ ತಂಡದ ಪೈಪ್‌ಲೈನ್ ಸದಾ ಮುಂದೆ ಸರಿಯುತ್ತಿರುತ್ತದೆ, ಬ್ಯಾಂಕಿಗೆ ಮಾತ್ರ ಹಣ ಬರುವುದಿಲ್ಲ.

ಪ್ರತಿ ಹಂತಕ್ಕೂ ಮೂರು ಸಾಲು ಬರೆದರೆ ಸಾಕು: ಗ್ರಾಹಕ ಏನು ಮಾಡಿದರೆ ಈ ಹಂತಕ್ಕೆ ಬರುತ್ತದೆ, ಅದಕ್ಕೆ ಸಾಕ್ಷಿ ಏನು, ಇಲ್ಲಿ ಎಷ್ಟು ದಿನಕ್ಕಿಂತ ಹೆಚ್ಚು ನಿಂತರೆ ಅನುಮಾನ ಪಡಬೇಕು. ಮೂರನೆಯ ಸಾಲನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಸತ್ತ ಡೀಲ್‌ಗಳನ್ನು ಹಿಡಿದುಕೊಡುವುದು ಅದೇ.

ಕಂಪ್ರೆಸರ್ ಡೀಲರ್‌ಗೆ ಯಾವ ಹಂತಗಳು ಹೊಂದುತ್ತವೆ?

ನಾಲ್ಕು ತೆರೆದ ಹಂತ, ಕೊನೆಗೆ ಗೆಲುವು ಅಥವಾ ಸೋಲು. ಮೂರು ಜನರಿಗೆ ಅದಕ್ಕಿಂತ ಹೆಚ್ಚು ಬೇಡ.

ಮೊದಲನೆಯದು ಅಗತ್ಯ ಖಚಿತ. ಗ್ರಾಹಕ ಫೋನಿನಲ್ಲಿ ಗಾಳಿ ಯಾವ ಕೆಲಸಕ್ಕೆ ಬೇಕು, ಈಗ ಯಾವ ಯಂತ್ರ ಇದೆ, ಯಾವಾಗ ಬೇಕು ಎಂದು ಹೇಳಿ, ಕಾರ್ಖಾನೆಗೆ ಬರಲು ಒಂದು ದಿನ ಕೊಟ್ಟಿರಬೇಕು. ಸಾಕ್ಷಿ ಆ ದಿನಾಂಕ. ‘ರೇಟ್ ಎಷ್ಟು, ವಾಟ್ಸ್‌ಆ್ಯಪ್ ಮಾಡಿ’ ಎಂದಷ್ಟೇ ಹೇಳಿದವರು ಇನ್ನೂ ಇಲ್ಲಿಗೆ ಬಂದಿಲ್ಲ. ಇಲ್ಲಿ ಹತ್ತು ದಿನ ದಾಟಿದರೆ ಭೇಟಿಯ ದಿನ ತಪ್ಪಿದೆ ಎಂದೇ ಅರ್ಥ.

ಎರಡನೆಯದು ಸ್ಥಳ ನೋಡಿದ್ದು. ಗ್ರಾಹಕ ಕಂಪ್ರೆಸರ್ ಕೋಣೆಯ ಬಾಗಿಲು ತೆರೆದು ತೋರಿಸಿರಬೇಕು. ಸಾಕ್ಷಿ ಹಳೆಯ ಯಂತ್ರದ ನೇಮ್‌ಪ್ಲೇಟ್ ಫೋಟೊ ಮತ್ತು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅಂದರೆ ಎಷ್ಟು ಸಿಎಫ್‌ಎಂ, ಎಷ್ಟು ಬಾರ್ ಒತ್ತಡ ಬೇಕು ಎಂಬ ಟಿಪ್ಪಣಿ. ಈ ಭೇಟಿಯಲ್ಲೇ ಕೇಳಬೇಕಾದ ಇನ್ನೊಂದು ಸಂಗತಿ ಬೆಸ್ಕಾಂ ಮಂಜೂರು ಮಾಡಿರುವ ವಿದ್ಯುತ್ ಲೋಡ್. ಹೊಸ ಯಂತ್ರಕ್ಕೆ ಲೋಡ್ ಸಾಲದಿದ್ದರೆ ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಬೇಕಾಗುತ್ತದೆ. ಆ ಮಾತು ಪಿಒ ಹೊತ್ತಿಗೆ ಹೊರಬಿದ್ದರೆ ಡೀಲ್ ವಾರಗಟ್ಟಲೆ ತೂಗುತ್ತದೆ.

ಮೂರನೆಯದು ಕೊಟೇಶನ್ ಮೇಲೆ ಮಾತು. ಗ್ರಾಹಕ ಕೊಟೇಶನ್ ಓದಿ, ಅದರೊಳಗಿನ ಒಂದು ಸಾಲನ್ನು ಹಿಡಿದು ಕೇಳಿರಬೇಕು. ಗಾಳಿಯ ತೇವ ತೆಗೆಯುವ ಡ್ರೈಯರ್‌ಗೆ ಬೇರೆ ದರ ಏಕೆ, ಗಾಳಿ ಒತ್ತುವ ಭಾಗವಾದ ಏರ್ ಎಂಡ್‌ಗೆ ವಾರಂಟಿ ಎಷ್ಟು ವರ್ಷ, ಸಾಗಣೆ ಯಾರ ಖರ್ಚು ಎಂಬಂಥ ಪ್ರಶ್ನೆ. ಸಾಕ್ಷಿ ಆ ಪ್ರಶ್ನೆಯೇ, ಅವರ ಮಾತಿನಲ್ಲೇ ಬರೆದಿಡಿ.

ನಾಲ್ಕನೆಯದು ದರ ಒಪ್ಪಿಗೆ. ಹಣ ಬಿಡುಗಡೆ ಮಾಡುವ ಅಧಿಕಾರ ಇರುವವರೇ ದರ ಮತ್ತು ಪಾವತಿಯ ಷರತ್ತು ಒಪ್ಪಿ, ಬಿಲ್‌ಗೆ ಮುಂಚೆ ಕೊಡುವ ಪ್ರೊಫಾರ್ಮ ಇನ್‌ವಾಯ್ಸ್ ಕೇಳಿರಬೇಕು. ‘ಅಧಿಕಾರ ಇರುವವರೇ’ ಎಂಬುದನ್ನು ಸಡಿಲಿಸಬೇಡಿ. ಮೇಂಟೆನೆನ್ಸ್ ಇಂಜಿನಿಯರ್ ‘ಆಯಿತು ಸರ್, ನಿಮಗೇ ಕೊಡುತ್ತೇವೆ’ ಎಂದರೆ ಅದು ಒಳ್ಳೆಯ ಸುದ್ದಿ, ನಾಲ್ಕನೆಯ ಹಂತ ಅಲ್ಲ.

ಗೆಲುವು ಎಂದರೆ ಪಿಒ ಕೈಗೆ ಬಂದು ಅಡ್ವಾನ್ಸ್ ಖಾತೆಗೆ ಜಮಾ ಆಗಿರುವುದು. ಎರಡೂ ಆಗಬೇಕು. ಪಿಒ ಇದ್ದು ಅಡ್ವಾನ್ಸ್ ಬಾರದ ಡೀಲನ್ನು ಗೆಲುವಿಗೆ ಸೇರಿಸಿ, ಕಂಪನಿಗೆ ಯಂತ್ರ ಬುಕ್ ಮಾಡಿ, ಆಮೇಲೆ ಗೋದಾಮಿನಲ್ಲಿ ಇಟ್ಟುಕೊಂಡು ಕೂರುವ ಡೀಲರ್‌ಗಳು ಕಡಿಮೆ ಇಲ್ಲ.

ಕೊಟೇಶನ್ ಕಳಿಸಿದ್ದು ಹಂತ ಅಲ್ಲವೇ? ನಮ್ಮ ಕೆಲಸದಲ್ಲಿ ಅದೇ ದೊಡ್ಡದು.

ಈ ಪ್ರಶ್ನೆಗೆ ಜಗಳವೇ ಆಗುತ್ತದೆ, ಆದರೂ ಉತ್ತರ ಅಲ್ಲ ಎಂದೇ. ಕಳಿಸಿದ ದಿನಾಂಕವನ್ನು ಒಂದು ಫೀಲ್ಡಿನಲ್ಲಿ ಹಾಕಿ, ಡೀಲನ್ನು ಎರಡನೆಯ ಹಂತದಲ್ಲೇ ಬಿಡಿ. ಪಿಡಿಎಫ್ ಕಳಿಸಿದ ಕ್ಷಣ ಹಂತ ಬದಲಾಗುವಂತಿದ್ದರೆ ತಿಂಗಳ ಕೊನೆಯಲ್ಲಿ ಪ್ರಗತಿ ತೋರಿಸಲು ಕೊಟೇಶನ್‌ಗಳ ಮಳೆಯೇ ಸುರಿಯುತ್ತದೆ. ಉತ್ತರ ಬಂದ ಮೇಲೆ ಮಾತ್ರ ಮುಂದೆ ಸರಿಯುವಂತೆ ಮಾಡಿದರೆ ಇನ್ನೊಂದು ಲಾಭ ಇದೆ. ಎರಡನೆಯ ಹಂತದಲ್ಲಿ, ಕೊಟೇಶನ್ ದಿನಾಂಕ ಏಳು ದಿನಕ್ಕಿಂತ ಹಳೆಯದಾಗಿರುವ ಡೀಲ್‌ಗಳನ್ನು ಸೋಸಿದರೆ ಬೆಳಗಿನ ಕರೆಗಳ ಪಟ್ಟಿ ತಾನೇ ಸಿದ್ಧವಾಗುತ್ತದೆ.

‘ಆಷಾಢ ಕಳೆಯಲಿ’, ‘ಬ್ಯಾಂಕ್ ಸಾಲ ಆಗಬೇಕು’ ಎನ್ನುತ್ತಾರೆ. ಇವಕ್ಕೆ ಬೇರೆ ಹಂತ ಬೇಡವೇ?

ಬೇಡ. ಇವು ಕಾಯುವ ಕಾರಣಗಳು. ಡೀಲ್ ಯಾವ ಹಂತದಲ್ಲಿದ್ದರೂ ಕಾಯಬೇಕಾಗಿ ಬರಬಹುದು. ‘ಕಾಯುತ್ತಿದೆ’ ಎಂಬ ಹಂತ ಮಾಡಿದರೆ ಅದು ಹಳೆಯ ಸಾಮಾನು ತುಂಬುವ ಅಟ್ಟವಾಗುತ್ತದೆ, ಹತ್ತಿ ನೋಡುವವರು ಯಾರೂ ಇರುವುದಿಲ್ಲ. ಅದರ ಬದಲು ‘ಕಾಯುವ ಕಾರಣ’ ಎಂಬ ಆಯ್ಕೆಯ ಫೀಲ್ಡ್ ಮಾಡಿ ನಾಲ್ಕೈದು ಕಾರಣ ಹಾಕಿ: ಬ್ಯಾಂಕ್ ಸಾಲ, ಬೆಸ್ಕಾಂ ಲೋಡ್, ಶೆಡ್ ಕಟ್ಟಡ, ಆಷಾಢ ಅಥವಾ ಶುಭದಿನ, ಬೇರೆ. ಕಾರಣ ಹಾಕಿದವರು ಮುಂದೆ ಕರೆ ಮಾಡುವ ದಿನಾಂಕವನ್ನೂ ಹಾಕಲೇಬೇಕು.

ಆಷಾಢದ ಮಾತನ್ನು ನೆಪ ಎಂದು ತಳ್ಳಿಹಾಕಬೇಡಿ. ಹೊಸ ಯಂತ್ರವನ್ನು ಆಷಾಢದಲ್ಲಿ ಇಳಿಸದ ಮಾಲೀಕರು ನಿಜವಾಗಿಯೂ ಇದ್ದಾರೆ, ಆಯುಧಪೂಜೆಗೆ ಯಂತ್ರ ಶೆಡ್‌ನಲ್ಲಿರಬೇಕು ಎನ್ನುವವರು ಅದಕ್ಕಿಂತ ಹೆಚ್ಚು ಇದ್ದಾರೆ. ಅಕ್ಟೋಬರ್ ಮೊದಲ ದಿನಗಳಿಗೆ ತೆರಿಗೆಯ ಕಾರಣವೂ ಸೇರಿಕೊಳ್ಳುತ್ತದೆ. ಆದಾಯ ತೆರಿಗೆ ಲೆಕ್ಕದಲ್ಲಿ ಹೊಸ ಯಂತ್ರವನ್ನು ಆ ಹಣಕಾಸು ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಸವಕಳಿ ಅರ್ಧ ಮಾತ್ರ ಸಿಗುತ್ತದೆ. ಆದ್ದರಿಂದ ಮುಕ್ತಾಯದ ನಿರೀಕ್ಷಿತ ದಿನಾಂಕ ಹಾಕುವಾಗ ತಿಂಗಳ ಕೊನೆಯ ತಾರೀಖನ್ನು ಸುಮ್ಮನೆ ಒತ್ತಬೇಡಿ, ಯಂತ್ರ ಯಾವ ದಿನದೊಳಗೆ ಓಡಬೇಕು ಎಂದು ಗ್ರಾಹಕರನ್ನೇ ಕೇಳಿ.

ಒಂದು ಡೀಲ್ ಮೊದಲಿಂದ ಕೊನೆಯವರೆಗೆ ಹೇಗೆ ಸಾಗುತ್ತದೆ, ತೋರಿಸುತ್ತೀರಾ?

ದಾಬಸ್‌ಪೇಟೆಯ ಒಂದು ಪೌಡರ್ ಕೋಟಿಂಗ್ ಘಟಕ ಎಂದುಕೊಳ್ಳೋಣ. ಜೂನ್ 24ರಂದು ಇಂಡಿಯಾಮಾರ್ಟ್ ಮೂಲಕ ಎನ್‌ಕ್ವೈರಿ ಬರುತ್ತದೆ. ಕಚೇರಿಯವರು ಕರೆ ಮಾಡಿದಾಗ ಮಾಲೀಕರ ತಮ್ಮ ಮಾತನಾಡುತ್ತಾರೆ. ಇರುವುದು 10 ಎಚ್‌ಪಿ ಪಿಸ್ಟನ್ ಯಂತ್ರ, ಗನ್‌ನಲ್ಲಿ ನೀರಿನ ಹನಿ ಬಂದು ಬಣ್ಣ ಗುಳ್ಳೆ ಏಳುತ್ತಿದೆ. 30ರಂದು ಬನ್ನಿ ಎನ್ನುತ್ತಾರೆ. ದಿನ ಸಿಕ್ಕಿತು, ಅಗತ್ಯ ಖಚಿತ.

30ರಂದು ತುಮಕೂರು ಕಡೆಯವರು ಹೋಗಿ ನೋಡುತ್ತಾರೆ. ಯಂತ್ರ ಅನ್‌ಲೋಡ್ ಆಗದೇ ಒಂದೇ ಸಮನೆ ಓಡುತ್ತಿದೆ, ಅಂದರೆ ಗಾಳಿ ಸಾಲುತ್ತಿಲ್ಲ. ಅವರ ಲೆಕ್ಕಕ್ಕೆ 15 ಎಚ್‌ಪಿ ಸ್ಕ್ರೂ ಕಂಪ್ರೆಸರ್ ಮತ್ತು ಒಂದು ರೆಫ್ರಿಜರೇಟೆಡ್ ಡ್ರೈಯರ್ ಬೇಕು. ಬೆಸ್ಕಾಂ ಲೋಡ್‌ನಲ್ಲಿ ಹೆಚ್ಚುವರಿ 5 ಎಚ್‌ಪಿಗೆ ಜಾಗ ಇಲ್ಲ ಎಂಬುದೂ ಆಗಲೇ ಗೊತ್ತಾಗುತ್ತದೆ. ಫೋಟೊ, ಟಿಪ್ಪಣಿ ಹಾಕಿ ಎರಡನೆಯ ಹಂತಕ್ಕೆ ಸರಿಸುತ್ತಾರೆ. ಜುಲೈ 2ರಂದು ₹4,80,000 ಮತ್ತು ಜಿಎಸ್‌ಟಿಯ ಕೊಟೇಶನ್ ಹೋಗುತ್ತದೆ. ಹಂತ ಬದಲಾಗುವುದಿಲ್ಲ. ಮಾಲೀಕರು ಆಷಾಢ ಮುಗಿಯಲಿ ಎನ್ನುತ್ತಾರೆ. ಕಾಯುವ ಕಾರಣ ಆಷಾಢ, ಮುಂದಿನ ಕರೆ ಜುಲೈ 29 ಎಂದು ದಾಖಲಾಗುತ್ತದೆ. ನಡುವೆ ಬೆಸ್ಕಾಂ ಅರ್ಜಿ ಹಾಕಿದರೇ ಎಂದು ಕೇಳಲು ಒಂದೇ ಒಂದು ಕರೆ.

ಜುಲೈ 29ರಂದು ಅವರೇ ಕೇಳುತ್ತಾರೆ: ‘ಇನ್ನೊಬ್ಬರು ಡ್ರೈಯರ್ ಇಲ್ಲದೇ ಕಡಿಮೆಗೆ ಕೊಡುತ್ತಿದ್ದಾರೆ, ನೀವೇಕೆ ಸೇರಿಸಿದ್ದೀರಿ?’ ಇದು ಕೊಟೇಶನ್ ಓದಿದವರ ಪ್ರಶ್ನೆ, ಮೂರನೆಯ ಹಂತ. ಗುಳ್ಳೆಯ ತೊಂದರೆ ಶುರುವಾದದ್ದೇ ಗಾಳಿಯ ತೇವದಿಂದ ಎಂದು ಉತ್ತರ ಹೋಗುತ್ತದೆ. ಆಗಸ್ಟ್ 12ರಂದು ಹಣದ ನಿರ್ಧಾರ ಮಾಡುವ ಅಣ್ಣ ಕುಳಿತು ಮಾತನಾಡಿ ₹4,65,000ಕ್ಕೆ ಒಪ್ಪಿ, ಬ್ಯಾಂಕಿಗೆ ಕೊಡಲು ಪ್ರೊಫಾರ್ಮ ಕೇಳುತ್ತಾರೆ. ನಾಲ್ಕನೆಯ ಹಂತ, ಕಾಯುವ ಕಾರಣ ಬ್ಯಾಂಕ್ ಸಾಲ. ಸೆಪ್ಟೆಂಬರ್ 8ರಂದು ಪಿಒ ಬರುತ್ತದೆ. ಶೇ 18 ಜಿಎಸ್‌ಟಿ ಸೇರಿ ₹5,48,700. ಅದರ ಶೇ 30, ಅಂದರೆ ₹1,64,610 ಅಡ್ವಾನ್ಸ್ ಜಮಾ ಆಗುತ್ತದೆ. ಗೆಲುವು.

ಎಪ್ಪತ್ತಾರು ದಿನಗಳಲ್ಲಿ ಹಂತ ಬದಲಾದದ್ದು ಐದೇ ಸಲ. ಹೊರಗಿನಿಂದ ನೋಡಿದವರಿಗೆ ಜುಲೈ ಪೂರ್ತಿ ಏನೂ ನಡೆದಿಲ್ಲ ಎನಿಸಬಹುದು. ಅದು ನಿಜವೂ ಹೌದು, ಪೈಪ್‌ಲೈನ್ ಅದನ್ನು ಹಾಗೆಯೇ ತೋರಿಸಬೇಕು.

ಬಂದ ಎನ್‌ಕ್ವೈರಿಗಳನ್ನೆಲ್ಲ ಪೈಪ್‌ಲೈನಿಗೆ ಹಾಕಬೇಕೇ?

ಬೇಡ. ಇಂಡಿಯಾಮಾರ್ಟ್‌ನಂಥ ತಾಣಗಳಲ್ಲಿ ಒಂದೇ ಬೇಡಿಕೆ ಹಲವು ಮಾರಾಟಗಾರರಿಗೆ ಹೋಗುತ್ತದೆ. ಅರ್ಧ ಎಚ್‌ಪಿಯ ಪಂಕ್ಚರ್ ಅಂಗಡಿ ಯಂತ್ರ ಕೇಳುವವರೂ ಅದರಲ್ಲಿರುತ್ತಾರೆ. ಹೆಚ್ಚಿನ ಸಿಆರ್‌ಎಂಗಳಲ್ಲಿ ‘ಲೀಡ್’ ಮತ್ತು ‘ಡೀಲ್’ ಎಂದು ಎರಡು ಕಡೆ ಇರುವುದು ಇದಕ್ಕಾಗಿಯೇ. ಬಂದದ್ದೆಲ್ಲ ಲೀಡ್ ಆಗಿರಲಿ, ಭೇಟಿಗೆ ದಿನ ಕೊಟ್ಟವರು ಮಾತ್ರ ಡೀಲ್ ಆಗಲಿ. ಎರಡು ಕಡೆ ನೋಡುವುದು ಕಿರಿಕಿರಿ ಎನಿಸಿದರೆ ಪೈಪ್‌ಲೈನಿನ ಮುಂದೆ ‘ಹೊಸತು’ ಎಂಬ ಕಾಲಂ ಮಾಡಿ, ಅದನ್ನು ಯಾವ ಲೆಕ್ಕಕ್ಕೂ ಸೇರಿಸಬೇಡಿ.

ಡೀಲ್‌ನ ಮೊತ್ತವನ್ನು ಜಿಎಸ್‌ಟಿ ಸೇರಿಸಿ ಬರೆಯಬೇಕೇ?

ಸೇರಿಸದೇ ಬರೆಯಿರಿ, ಮೂವರೂ ಹಾಗೆಯೇ ಬರೆಯಿರಿ. ಒಬ್ಬರು ₹4,80,000 ಎಂದೂ, ಇನ್ನೊಬ್ಬರು ಅಂಥದೇ ಯಂತ್ರಕ್ಕೆ ₹5,66,400 ಎಂದೂ ಹಾಕಿದರೆ ಎರಡನೆಯವರು ಹೆಚ್ಚು ಮಾರಿದಂತೆ ಕಾಣುತ್ತದೆ. ಇನ್ಸೆಂಟಿವ್ ಲೆಕ್ಕ ಬಂದಾಗ ಮನಸ್ತಾಪವಾಗುತ್ತದೆ. ಬಿಲ್, ಬಾಕಿ, ತೆರಿಗೆಯೆಲ್ಲ ಟ್ಯಾಲಿಯಲ್ಲಿರಲಿ. ಗೆದ್ದ ಮೇಲಿನ ಬಾಕಿ ವಸೂಲಿಯನ್ನೂ ಮಾರಾಟದ ಪೈಪ್‌ಲೈನಿಗೆ ಎಳೆದು ತರಬೇಡಿ.

ಪ್ರತಿ ಹಂತಕ್ಕೆ ಗೆಲ್ಲುವ ಸಂಭವ ಶೇಕಡಾ ಎಷ್ಟು ಎಂದು ಹಾಕಲು ತಂತ್ರಾಂಶ ಕೇಳುತ್ತದೆ. ಎಷ್ಟು ಹಾಕಬೇಕು?

ತಂತ್ರಾಂಶ ಕೊಡುವ ಅಂಕಿ ನಿಮ್ಮ ವ್ಯಾಪಾರವನ್ನು ಕಂಡದ್ದಲ್ಲ. ನಿಮ್ಮ ಹಳೆಯ ಲೆಕ್ಕದಿಂದಲೇ ತೆಗೆಯಿರಿ. ಕಳೆದ ವರ್ಷ ಮೊದಲ ಹಂತಕ್ಕೆ 120 ಡೀಲ್ ಬಂದವು, ಎರಡನೆಯದಕ್ಕೆ 80, ಮೂರನೆಯದಕ್ಕೆ 60, ನಾಲ್ಕನೆಯದಕ್ಕೆ 30 ತಲುಪಿ, 24 ಗೆದ್ದವು ಎಂದುಕೊಳ್ಳಿ. ಗೆದ್ದವನ್ನು ಆಯಾ ಹಂತ ತಲುಪಿದವುಗಳಿಂದ ಭಾಗಿಸಿದರೆ ಕ್ರಮವಾಗಿ ಶೇ 20, 30, 40 ಮತ್ತು 80 ಬರುತ್ತದೆ. ಮೂರರಿಂದ ನಾಲ್ಕಕ್ಕೆ ಹೋಗುವಾಗ ಅರ್ಧದಷ್ಟು ಉದುರಿವೆ. ದರದ ಮಾತು ಸರಿಯಾದ ವ್ಯಕ್ತಿಯ ಜೊತೆ ನಡೆಯುತ್ತಿಲ್ಲ ಎಂಬ ಅನುಮಾನ ಅಲ್ಲೇ ಹುಟ್ಟುತ್ತದೆ.

ಈಗ ಇದರ ಮಿತಿ ನೋಡಿ. ಮೂರನೆಯ ಹಂತದಲ್ಲಿ ಒಟ್ಟು ₹24 ಲಕ್ಷದ ಡೀಲ್‌ಗಳು, ನಾಲ್ಕನೆಯದರಲ್ಲಿ ₹5 ಲಕ್ಷದ್ದೊಂದು, ₹30 ಲಕ್ಷದ್ದೊಂದು ಇವೆ. ತಂತ್ರಾಂಶ 24ರ ಶೇ 40, 35ರ ಶೇ 80 ಎಂದು ಕೂಡಿ ₹37.6 ಲಕ್ಷ ನಿರೀಕ್ಷೆ ತೋರಿಸುತ್ತದೆ. ಆದರೆ ಅದರಲ್ಲಿ ₹24 ಲಕ್ಷ ಆ ಒಂದೇ ದೊಡ್ಡ ಡೀಲಿನದು. ಅದು ಬಂದರೆ ₹30 ಲಕ್ಷ, ಬಾರದಿದ್ದರೆ ಸೊನ್ನೆ, ₹24 ಲಕ್ಷ ಎಂದೂ ಬರುವುದಿಲ್ಲ. ಅದನ್ನು ಪಕ್ಕಕ್ಕಿಟ್ಟರೆ ನಿಜವಾಗಿ ನಂಬಬಹುದಾದದ್ದು ₹13.6 ಲಕ್ಷ. ಮೂರು ಜನರ ತಂಡದಲ್ಲಿ ಡೀಲ್‌ಗಳ ಸಂಖ್ಯೆಯೇ ಕಡಿಮೆ, ಹಾಗಾಗಿ ಸಾಮಾನ್ಯ ಗಾತ್ರದ ಮೂರು ಪಟ್ಟಿಗಿಂತ ದೊಡ್ಡದಾದ ಡೀಲನ್ನು ಹೆಸರು ಹಿಡಿದು ಬೇರೆಯಾಗಿಯೇ ಮಾತನಾಡಿ. ಹಳೆಯ ದಾಖಲೆ ಇಲ್ಲದವರು ಮೊದಲ ಆರು ತಿಂಗಳು ಈ ಶೇಕಡಾವಾರನ್ನು ನೋಡದೇ ಇದ್ದರೂ ನಷ್ಟವಿಲ್ಲ.

ಸರಿ, ಹಂತಗಳು ಸಿದ್ಧ. ಈಗ ಯಾವ ಸಿಆರ್‌ಎಂ?

ಒಂದೇ ಹೆಸರು ಹೇಳಿ ಎಂದರೆ, ಇಂಥ ತಂಡಕ್ಕೆ ಬಿಗಿನ್‌ನಿಂದ ಶುರು ಮಾಡಿ ಎನ್ನುತ್ತೇನೆ. ಝೋಹೊ ಇದನ್ನು 2020ರಲ್ಲಿ ಸಣ್ಣ ತಂಡಗಳಿಗೆಂದೇ ತಂದಿತು. ಪೈಪ್‌ಲೈನ್ ಮುಖಪುಟದಲ್ಲೇ ಇರುತ್ತದೆ, ಕಲಿಯಲು ಹೆಚ್ಚು ಹೊತ್ತು ಬೇಡ. ಅದೇ ಸಂಸ್ಥೆಯ ದೊಡ್ಡ ಝೋಹೊ ಸಿಆರ್‌ಎಂಗೆ ಮೂರು ಬಳಕೆದಾರರವರೆಗೆ ಉಚಿತ ಆವೃತ್ತಿ ಇದೆ. ಮೂವರೇ ಇರುವ ನಿಮಗೆ ಆಸೆ ಹುಟ್ಟುವುದು ಸಹಜ. ಆದರೆ ಉಚಿತದಲ್ಲಿ ನಿಮ್ಮ ಹಂತಗಳು, ‘ಕಾಯುವ ಕಾರಣ’ದಂಥ ಸ್ವಂತ ಫೀಲ್ಡ್‌ಗಳು ಕೂರುತ್ತವೆಯೇ ಎಂದು ಮಾಡಿ ನೋಡಿದ ಮೇಲೆ ನಿರ್ಧರಿಸಿ. ಎಸ್ಟೋನಿಯಾದಲ್ಲಿ 2010ರಲ್ಲಿ ಹುಟ್ಟಿದ ಪೈಪ್‌ಡ್ರೈವ್ ಪೈಪ್‌ಲೈನ್ ಹಲಗೆಯ ವಿಷಯದಲ್ಲಿ ಬಹಳ ಚೊಕ್ಕ. ಉಚಿತ ಆವೃತ್ತಿ ಇಲ್ಲ, ಪ್ರಯೋಗದ ಅವಧಿ ಮಾತ್ರ. ಹಬ್‌ಸ್ಪಾಟ್ ಉಚಿತವಾಗಿ ಶುರುವಾಗುತ್ತದೆ, ಮೇಲಿನ ಆವೃತ್ತಿಗಳಿಗೆ ಏರುವ ಮೆಟ್ಟಿಲು ಮಾತ್ರ ಕಡಿದು. ಫ್ರಾಪ್ಪೆ ಸಂಸ್ಥೆಯ ಸಿಆರ್‌ಎಂ ಓಪನ್ ಸೋರ್ಸ್, ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಂಡು ನಡೆಸಬಹುದು. ಸರ್ವರ್ ನೋಡಿಕೊಳ್ಳುವವರು ನಿಮ್ಮಲ್ಲೇ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮಾರಾಟ ಬಿಟ್ಟು ಸರ್ವರ್ ಕಾಯುವ ಕೆಲಸವಾಗುತ್ತದೆ. ಯೋಜನೆಗಳ ದರ ಮತ್ತು ಮಿತಿ ಬದಲಾಗುತ್ತಲೇ ಇರುತ್ತವೆ, ಕೊಳ್ಳುವ ದಿನ ಅವರವರ ದರಪಟ್ಟಿ ನೋಡಿಯೇ ಮುಂದುವರಿಯಿರಿ.

ಹೆಸರಿಗಿಂತ ಪರೀಕ್ಷೆ ಮುಖ್ಯ. ಈಗ ಕೈಯಲ್ಲಿರುವ ಇಪ್ಪತ್ತು ನಿಜವಾದ ಡೀಲ್‌ಗಳನ್ನು ಹಾಕಿ, ಎರಡು ವಾರ ಮೂವರೂ ಬಳಸಿ. ನೋಡಬೇಕಾದ ಮೊದಲ ಸಂಗತಿ ಮೊಬೈಲ್. ಕಾರ್ಖಾನೆಯ ಗೇಟಿನಿಂದ ಹೊರಬಂದು ಬೈಕ್ ಹತ್ತುವ ಮೊದಲು ಒಂದು ನಿಮಿಷದೊಳಗೆ ಫೋಟೊ, ಎರಡು ಸಾಲು, ಮುಂದಿನ ದಿನಾಂಕ ಹಾಕಲು ಆಗುತ್ತದೆಯೇ? ನೆಟ್‌ವರ್ಕ್ ಇಲ್ಲದ ಶೆಡ್‌ನೊಳಗೆ ಬರೆದದ್ದು ಹೊರಗೆ ಬಂದಾಗ ಉಳಿದಿದೆಯೇ? ಆಗದಿದ್ದರೆ ಸಂಜೆ ಮನೆಗೆ ಹೋಗಿ ಬರೆಯುತ್ತೇನೆ ಎನ್ನುತ್ತಾರೆ, ಆ ಸಂಜೆ ಬರುವುದಿಲ್ಲ. ಎರಡನೆಯದು, ಮುಂದಿನ ದಿನಾಂಕವೇ ಇಲ್ಲದ ಡೀಲ್‌ಗಳನ್ನೂ ಒಂದೇ ಹಂತದಲ್ಲಿ ನಿಂತುಬಿಟ್ಟವನ್ನೂ ತಂತ್ರಾಂಶ ತಾನಾಗಿ ಎತ್ತಿ ತೋರಿಸುತ್ತದೆಯೇ. ಮೂರನೆಯದು ಎಕ್ಸ್‌ಪೋರ್ಟ್. ಸಂಪರ್ಕಗಳಷ್ಟೇ ಅಲ್ಲ, ಟಿಪ್ಪಣಿ ಮತ್ತು ಕರೆಗಳ ಇತಿಹಾಸವೂ ಫೈಲಾಗಿ ಹೊರಬರಬೇಕು. ಪ್ರಯೋಗದ ಅವಧಿಯಲ್ಲೇ ಒಮ್ಮೆ ತೆಗೆದು ತೆರೆದು ನೋಡಿ, ಬಿಟ್ಟು ಹೋಗುವಾಗ ನೋಡಿದರೆ ತಡವಾಗುತ್ತದೆ.

ಹಣ ಕಟ್ಟುವ ವಿಷಯದಲ್ಲಿ ಒಂದು ಮಾತು. ರೂಪಾಯಿಯಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಹಾಕಿದ ಬಿಲ್ ಕೊಡುವವರಾದರೆ ಕಟ್ಟಿದ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ. ವಿದೇಶದಿಂದ ಬಿಲ್ ಬಂದರೆ ರಿವರ್ಸ್ ಚಾರ್ಜ್ ಲೆಕ್ಕದಲ್ಲಿ ಜಿಎಸ್‌ಟಿಯನ್ನು ನೀವೇ ಕಟ್ಟಬೇಕಾಗುತ್ತದೆ, ಅಕೌಂಟೆಂಟ್‌ಗೆ ಮೊದಲೇ ಹೇಳಿಬಿಡಿ.

ಎಲ್ಲ ಮಾತು ವಾಟ್ಸ್‌ಆ್ಯಪ್‌ನಲ್ಲೇ ನಡೆಯುತ್ತದೆ. ಅದನ್ನು ಸಿಆರ್‌ಎಂಗೆ ಜೋಡಿಸಬೇಕೇ?

ಮೊದಲ ದಿನವೇ ಬೇಡ. ಜೋಡಣೆಗೆ ಖರ್ಚಿದೆ, ಮೂವರ ನಂಬರ್ ಗೊಂದಲವಾಗುತ್ತದೆ. ಅದಕ್ಕಿಂತ ಮೊದಲು ಮಾಡಬೇಕಾದ್ದು, ಮೂವರೂ ಬಳಸುವ ಸಿಮ್ ಸಂಸ್ಥೆಯ ಹೆಸರಿನಲ್ಲಿ ಇರುವಂತೆ ನೋಡಿಕೊಳ್ಳುವುದು. ಸ್ವಂತ ನಂಬರಿನಲ್ಲಿ ನಡೆದ ಮಾತು ಅವರು ಕೆಲಸ ಬಿಟ್ಟ ದಿನ ಅವರ ಜೊತೆಯೇ ಹೋಗುತ್ತದೆ. ದರ, ಷರತ್ತು, ದಿನಾಂಕ ಈ ಮೂರು ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಡೀಲಿನ ಟಿಪ್ಪಣಿಗೆ ನಕಲಿಸಿ, ಉಳಿದ ಶುಭೋದಯಗಳನ್ನು ಅಲ್ಲೇ ಬಿಡಿ.

ಹಳೆಯ ಎಕ್ಸೆಲ್ ಶೀಟನ್ನು ಹಾಗೆಯೇ ಏರಿಸಬಹುದೇ?

ಹಾಗೆಯೇ ಏರಿಸಿದರೆ ಮೊದಲು ಕೆಡುವುದು ಮೊಬೈಲ್ ಸಂಖ್ಯೆ. ಒಂದು ಕಡೆ +91 ಇರುತ್ತದೆ, ಇನ್ನೊಂದು ಕಡೆ ಮುಂದೆ ಸೊನ್ನೆ, ಮತ್ತೊಂದು ಕಡೆ ನಡುವೆ ಖಾಲಿ ಜಾಗ. ತಂತ್ರಾಂಶಕ್ಕೆ ಇವು ಮೂವರು ಬೇರೆ ಬೇರೆ ಗ್ರಾಹಕರು. ಸಂಖ್ಯೆ A ಕಾಲಂನಲ್ಲಿದ್ದರೆ ಪಕ್ಕದ ಖಾಲಿ ಕಾಲಂನಲ್ಲಿ ಈ ಸೂತ್ರ ಹಾಕಿ ಕೊನೆಯ ಹತ್ತು ಅಂಕಿ ಮಾತ್ರ ಉಳಿಸಿಕೊಳ್ಳಿ:

```
=RIGHT(SUBSTITUTE(SUBSTITUTE(A2," ",""),"-",""),10)
```

ನಂತರ ಆ ಹತ್ತು ಅಂಕಿಗಳ ಮೇಲೆ ನಕಲುಗಳನ್ನು ಹುಡುಕಿ ತೆಗೆಯಿರಿ. ಒಂದೇ ಚೌಕದಲ್ಲಿ ಎರಡು ಸಂಖ್ಯೆ ಬರೆದಿದ್ದರೆ ಸೂತ್ರ ಎರಡನೆಯದನ್ನಷ್ಟೇ ಉಳಿಸುತ್ತದೆ, ಅವನ್ನು ಕೈಯಾರೆ ಬಿಡಿಸಬೇಕು. ಕನ್ನಡದಲ್ಲಿ ಹೆಸರು, ಟಿಪ್ಪಣಿ ಇದ್ದರೆ ಉಳಿಸುವಾಗ CSV UTF-8 ಎಂಬ ಬಗೆಯನ್ನೇ ಆರಿಸಿ, ಸಾಮಾನ್ಯ CSV ಆದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬಂದು ಕೂರುತ್ತವೆ. ಎಲ್ಲವನ್ನೂ ಏರಿಸುವ ಮೊದಲು ಹತ್ತು ಸಾಲು ಏರಿಸಿ ನೋಡಿ. ಎರಡು ವರ್ಷದಿಂದ ಮಾತೇ ಆಡದವರನ್ನು ಸಂಪರ್ಕಗಳಾಗಿ ಇಡಿ, ಡೀಲ್ ಮಾಡಬೇಡಿ.

ಒಂದೇ ಗ್ರಾಹಕರನ್ನು ಇಬ್ಬರು ತಮ್ಮವರು ಎಂದರೆ?

ಪ್ರದೇಶದಿಂದ ತೀರ್ಮಾನಿಸಿ, ಯಂತ್ರ ಎಲ್ಲಿ ಇಳಿಯುತ್ತದೋ ಆ ಕಡೆಯವರದು. ಕಚೇರಿ ಜಿಗಣಿಯಲ್ಲಿದ್ದು ಕಾರ್ಖಾನೆ ತುಮಕೂರಿನಲ್ಲಿದ್ದರೆ ಡೀಲ್ ತುಮಕೂರು ಕಡೆಯವರದು, ಸಂಪರ್ಕ ತಂದವರ ಹೆಸರು ಇನ್ನೊಂದು ಫೀಲ್ಡಿನಲ್ಲಿ. ಪಾಲು ಎಷ್ಟು ಎಂಬುದನ್ನು ಡೀಲ್ ಬರುವ ಮೊದಲೇ ಬರೆದಿಡಿ.

ವಾರದ ಸಭೆಯಲ್ಲಿ ಏನು ನೋಡಬೇಕು?

ಎಲ್ಲ ಡೀಲ್‌ಗಳನ್ನೂ ಓದುತ್ತಾ ಹೋದರೆ ಒಂದು ಗಂಟೆ ಸಾಲದು. ಮೂರನ್ನೇ ನೋಡಿ: ದಿನದ ಮಿತಿ ದಾಟಿ ನಿಂತವು, ಮುಂದಿನ ದಿನಾಂಕ ಇಲ್ಲದವು ಅಥವಾ ದಾಟಿಹೋದವು, ಕಳೆದ ವಾರ ಹಂತ ಬದಲಿಸಿದವು. ಕೊನೆಯದಕ್ಕೆ ಸಾಕ್ಷಿ ತೆರೆದು ತೋರಿಸಿ ಎಂದು ಕೇಳಬೇಕು. ನೇಮ್‌ಪ್ಲೇಟ್ ಫೋಟೊ ಇಲ್ಲದಿದ್ದರೆ ಡೀಲ್ ಹಿಂದಿನ ಹಂತಕ್ಕೆ ಮರಳುತ್ತದೆ, ಯಾರೂ ಬೇಸರ ಮಾಡಿಕೊಳ್ಳಬಾರದು. ಮಾಲೀಕರು ಸಿಟ್ಟಾಗುವ ಸಭೆಯಾದರೆ ಮುಂದಿನ ವಾರದಿಂದ ಎಲ್ಲ ಡೀಲ್‌ಗಳೂ ಚೆನ್ನಾಗಿಯೇ ಕಾಣಲು ಶುರುವಾಗುತ್ತವೆ.

ಸೋತ ಡೀಲ್‌ಗೆ ಕಾರಣ ಬರೆಯಲೇಬೇಕೇ? ಎಲ್ಲರೂ ‘ದರ ಹೆಚ್ಚು’ ಎಂದೇ ಬರೆಯುತ್ತಾರೆ.

ಬರೆಯಬೇಕು. ‘ದರ ಹೆಚ್ಚು’ ಎಂಬುದನ್ನು ಆಯ್ಕೆಯಿಂದಲೇ ತೆಗೆದುಹಾಕಿ, ಬದಲಿಗೆ ಇವನ್ನು ಇಡಿ: ಬೇರೆ ಬ್ರ್ಯಾಂಡ್ ಕೊಂಡರು, ಹಳೆಯದನ್ನೇ ರಿಪೇರಿ ಮಾಡಿಸಿದರು, ಸೆಕೆಂಡ್ ಹ್ಯಾಂಡ್ ಕೊಂಡರು, ಯೋಜನೆ ನಿಂತಿತು, ಉತ್ತರವೇ ಇಲ್ಲ. ಈ ಐದರಲ್ಲಿ ಯಾವುದು ಎಂದು ತಿಳಿಯಲು ಗ್ರಾಹಕರಿಗೆ ಕೊನೆಯದಾಗಿ ಒಂದು ಕರೆ ಮಾಡಲೇಬೇಕಾಗುತ್ತದೆ. ರಿಪೇರಿ ಮಾಡಿಸಿದವರಿಗೆ ಆರು ತಿಂಗಳ ನಂತರದ ದಿನಾಂಕ ಹಾಕಿ. ನಿಲ್ಲದೇ ಓಡುತ್ತಿದ್ದ ಹಳೆಯ ಪಿಸ್ಟನ್ ಯಂತ್ರ ರಿಪೇರಿಯ ಮೇಲೆ ಹೆಚ್ಚು ಕಾಲ ನಡೆಯುವುದಿಲ್ಲ.

ಹಂತಗಳನ್ನು ಯಾವಾಗ ಬದಲಿಸಬಹುದು?

ಮೊದಲ ಮೂರು ತಿಂಗಳು ಮುಟ್ಟಬೇಡಿ. ನಡುವೆ ಬದಲಿಸಿದರೆ ಹಿಂದಿನ ಲೆಕ್ಕ ಮುಂದಿನದಕ್ಕೆ ಹೊಂದುವುದಿಲ್ಲ. ಆಮೇಲೆ ನೋಡಿ: ಒಂದು ಹಂತಕ್ಕೆ ಬಂದ ಡೀಲ್‌ಗಳೆಲ್ಲ ಒಂದೆರಡು ದಿನದಲ್ಲೇ ದಾಟುತ್ತಿದ್ದರೆ ಆ ಹಂತ ಬೇಕಾಗಿಲ್ಲ, ಪಕ್ಕದ್ದರೊಳಗೆ ಸೇರಿಸಿ. ಒಂದೇ ಹಂತದಲ್ಲಿ ಬೇರೆ ಬೇರೆ ಬಗೆಯ ಡೀಲ್‌ಗಳು ಗುಂಪುಗೂಡಿ, ಪ್ರತಿ ಸಭೆಯಲ್ಲೂ ‘ಇದು ಹಾಗಲ್ಲ ಸರ್’ ಎಂದು ವಿವರಿಸಬೇಕಾಗಿ ಬಂದರೆ ಅದನ್ನು ಒಡೆಯಿರಿ. ಬಿಡಿಭಾಗ ಮತ್ತು ವಾರ್ಷಿಕ ನಿರ್ವಹಣೆಯ ಒಪ್ಪಂದ ಮಾರಲು ಶುರು ಮಾಡಿದರೆ ಅದಕ್ಕೆ ಬೇರೆಯೇ ಪೈಪ್‌ಲೈನ್ ಮಾಡಿ. ಅಲ್ಲಿ ಸ್ಥಳ ನೋಡುವ ಹಂತ ಬೇಕಿಲ್ಲ, ಎಷ್ಟು ಗಂಟೆ ಓಡಿದೆ ಎಂಬ ಮೀಟರ್ ಫೋಟೊ ಬಂದರೆ ಸಾಕು.